ಘನದಿಂದ ಅಂಕಿಗೆ
ಮೂವತ್ತನಾಲ್ಕನ್ನು ಬರೆಯಹೇಳಿದರೆ, ಏಳು ವರ್ಷದ ಮಗು ಮೊದಲು ಮೂವತ್ತನ್ನು ಬರೆದು, ಅದರ ಮುಂದೆ ನಾಲ್ಕನ್ನಿಟ್ಟು, 304 ಎನ್ನುವುದುಂಟು. ಆದುದರಿಂದ ಸ್ಥಾನಬೆಲೆಯ ಅಭ್ಯಾಸಹಾಳೆಯು ಅಂಕಿಯಿಂದ ಆರಂಭವಾಗಬಾರದು. ಮೊದಲ ಭಾಗದಲ್ಲಿ ಹತ್ತು, ಬಿಡಿ ಎಂಬ ಎರಡು ವಿಶಾಲವಾದ ಮನೆಗಳಷ್ಟೇ ಇದ್ದು, ಮಗುವು ತಾನೇ ಘನಗಳನ್ನೆಣಿಸಿ, ಹತ್ತು ಹತ್ತನ್ನು ಜೋಡಿಸಿ ಮೂರು ಪಟ್ಟಿಗಳನ್ನಾಗಿಸಿ, ಉಳಿದ ನಾಲ್ಕರೊಡನೆ ಅಲ್ಲಿ ಇರಿಸುವಂತಾಗಬೇಕು. ಅನಂತರ ಅದನ್ನೇ ಮೂರು ಗೆರೆ, ನಾಲ್ಕು ಚುಕ್ಕೆಗಳಾಗಿ ಚಿತ್ರಿಸಿ, ಚಿತ್ರದ ಕೆಳಗೆ ಅಂಕಿಗಳನ್ನು ಬರೆಯಲಿ. ಕಡೆಗೆ ಮನೆಗಳಳಿದು 34 ಮಾತ್ರ ನಿಲ್ಲಲಿ. ಒಂದು ಪ್ರಶ್ನೆಯಲ್ಲಿ, ಇದೇ ನನಗೆ ಅತಿಮುಖ್ಯವೆನಿಸುವುದು, ಮನೆಗಳಿಲ್ಲದೆ, ಚುಕ್ಕೆಗಳನ್ನು ಎಡಕ್ಕೂ ಗೆರೆಗಳನ್ನು ಬಲಕ್ಕೂ ಉದ್ದೇಶಪೂರ್ವಕವಾಗಿ ಚಿತ್ರಿಸಿರಿ: ಅಲ್ಲಿ 43 ಎಂದು ಬರೆದ ಮಗು, ಕಂಡ ಕ್ರಮವನ್ನು ನಕಲಿಸಿತೇ ಹೊರತು ಹತ್ತನ್ನು ಗುರುತಿಸಲಿಲ್ಲ; ಅದರ ಕೈಗೆ ಘನಗಳನ್ನು ಮರಳಿ ಕೊಡಿರಿ.