ಹುಲ್ಲಿನ ಜಾತಿ ಹೆಚ್ಚಿದ್ದರೆ ಬರ ತಟ್ಟುವುದೇ ಇಲ್ಲವೇ? ಫಾರ್ವರ್ಡ್ ಹೇಳದ ಅರ್ಧ ಸತ್ಯ

ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಓದುಗರೊಬ್ಬರು ಎರಡು ಫಾರ್ವರ್ಡ್‌ಗಳನ್ನು ಕಳಿಸಿ, ಯಾವುದು ನಿಜ ಎಂದು ಕೇಳಿದ್ದಾರೆ. ಮೊದಲನೆಯದು ಹೀಗಿದೆ: "ಹತ್ತಾರು ಜಾತಿಯ ಹುಲ್ಲು ಬೆಳೆಯುವ ಜಾಗಕ್ಕೆ ಬರ ಏನೂ ಮಾಡಲಾರದು." ಎರಡನೆಯದು ಇದಕ್ಕೆ ಉಲ್ಟಾ: "ಬಳ್ಳಾರಿ ಜಾಲಿ ನೋಡಿ, ಒಂದೇ ಜಾತಿ, ಎಂಥ ಬರದಲ್ಲೂ ಹಸಿರು. ವೈವಿಧ್ಯ ಬೇಕು ಅನ್ನೋದೆಲ್ಲ ಸುಳ್ಳು."

ಎರಡರಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ವಿಜ್ಞಾನಿಗಳೂ ಈ ಬಗ್ಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗಳವಾಡಿದ್ದಾರೆ. ಆ ಜಗಳ ಒಂದು ಹದಕ್ಕೆ ಬಂದದ್ದು ಹುಲ್ಲನ್ನು ವರ್ಷ ವರ್ಷವೂ ಕತ್ತರಿಸಿ, ಒಣಗಿಸಿ, ತೂಗಿ ಬರೆದಿಟ್ಟ ಲೆಕ್ಕದಿಂದ.

ಜಗಳ ಶುರುವಾದದ್ದು ಹೇಗೆ?

ಒಂದೇ ಬೆಳೆ ಇರುವ ಹೊಲಕ್ಕೆ ಕೀಟ ಬಿದ್ದರೆ ಹೊಲವೇ ಹೋಗುತ್ತದೆ, ಹಲವು ಜಾತಿ ಇರುವ ಕಾಡು ಹಾಗಲ್ಲ ಎಂದು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1958ರಲ್ಲಿ ಬರೆದರು. ಇದು ನಮ್ಮ ರೈತರಿಗೂ ಗೊತ್ತಿರುವ ಮಾತೇ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು ಒಂದು ಕೈಕೊಟ್ಟರೆ ಇನ್ನೊಂದಾದರೂ ಸಿಗಲಿ ಎಂದು.

ಆದರೆ 1972ರಲ್ಲಿ ರಾಬರ್ಟ್ ಮೇ ಎಂಬ ವಿಜ್ಞಾನಿ ಗಣಿತದ ಲೆಕ್ಕ ಹಾಕಿ ಬೇರೆಯೇ ಉತ್ತರ ಕೊಟ್ಟರು. ಜಾತಿಗಳನ್ನು ಹೇಗೆಂದರೆ ಹಾಗೆ ಒಂದಕ್ಕೊಂದು ಜೋಡಿಸುತ್ತ ಹೋದರೆ, ಜಾತಿ ಹೆಚ್ಚಾದಷ್ಟೂ ವ್ಯವಸ್ಥೆ ಅಲುಗಾಡುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಹಾಗಾದರೆ ಯಾರು ಸರಿ?

ಬರ ಬಂತು, ಲೆಕ್ಕ ಸಿಕ್ಕಿತು

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸೀಡರ್ ಕ್ರೀಕ್ ಎಂಬ ಜಾಗವಿದೆ. ಅಲ್ಲಿ ಡೇವಿಡ್ ಟಿಲ್ಮನ್ ಮತ್ತು ತಂಡದವರು 1982ರಲ್ಲಿ ಹುಲ್ಲುಗಾವಲನ್ನು ಸಣ್ಣ ಸಣ್ಣ ಮಡಿಗಳಾಗಿ ಗುರುತಿಸಿ ಅಳತೆ ಶುರು ಮಾಡಿದ್ದರು. ಪ್ರತಿ ಮಡಿಯಲ್ಲಿ 10 ಸೆಂ.ಮೀ. ಅಗಲ, 3 ಮೀಟರ್ ಉದ್ದದ ಪಟ್ಟಿಯಷ್ಟು ಹುಲ್ಲು ಕತ್ತರಿಸಿ, ಜಾತಿವಾರು ಬೇರೆ ಮಾಡಿ, ಒಣಗಿಸಿ ತೂಗುತ್ತಿದ್ದರು.

1987-88ರಲ್ಲಿ ಅಲ್ಲಿ ಭಾರೀ ಬರ ಬಂತು. ಒಂದೆರಡೇ ಜಾತಿ ಇದ್ದ ಮಡಿಗಳಲ್ಲಿ ಹುಲ್ಲು ಬರಕ್ಕೆ ಮುಂಚಿನ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯಿತು. ಜಾತಿ ಹೆಚ್ಚಿದ್ದ ಮಡಿಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಗಮನಿಸಿ, ಅಲ್ಲೂ ಅರ್ಧ ಹೋಗಿದೆ. "ಬರ ಏನೂ ಮಾಡಲಾರದು" ಎಂಬ ಮೊದಲ ಫಾರ್ವರ್ಡ್ ಇಲ್ಲಿಗೇ ತಪ್ಪು.

207 ಮಡಿಗಳ ಈ ಲೆಕ್ಕ 1994ರಲ್ಲಿ ಪ್ರಕಟವಾದಾಗ ಒಂದು ಗಟ್ಟಿ ಆಕ್ಷೇಪ ಬಂತು. ಜಾತಿ ಕಡಿಮೆಯಿದ್ದ ಅನೇಕ ಮಡಿಗಳಿಗೆ ಮೊದಲೇ ಸಾರಜನಕ ಗೊಬ್ಬರ ಹಾಕಲಾಗಿತ್ತು. ಗೊಬ್ಬರದಿಂದ ಕೆಲವೇ ಹುಲ್ಲುಗಳು ಸೊಕ್ಕಿ ಉಳಿದವನ್ನು ಅಳಿಸಿದ್ದವು, ಮತ್ತು ಹಾಗೆ ಸೊಕ್ಕಿದ ಹುಲ್ಲುಗಳು ಬರ ತಾಳದ ಜಾತಿಯವು. ಹಾಗಿದ್ದರೆ ಹುಲ್ಲು ಒಣಗಿದ್ದು ಜಾತಿ ಕಡಿಮೆ ಇದ್ದದ್ದರಿಂದಲೋ, ಗೊಬ್ಬರದಿಂದಲೋ?

1994ರಲ್ಲೇ ಹೊಸ ಪ್ರಯೋಗವೂ ಶುರುವಾಯಿತು. ಈ ಸಲ 1, 2, 4, 8 ಮತ್ತು 16 ಜಾತಿಗಳನ್ನು ಬೇಕೆಂದೇ ಬಿತ್ತಲಾಯಿತು. ಯಾವ ಮಡಿಗೆ ಯಾವ ಜಾತಿ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಹತ್ತು ವರ್ಷದ ಅಳತೆಯ ನಂತರ 2006ರಲ್ಲಿ ಬಂದ ಉತ್ತರ ಇಬ್ಬರನ್ನೂ ಗೆಲ್ಲಿಸಿತು. ಜಾತಿ ಹೆಚ್ಚಾದಷ್ಟೂ ಮಡಿಯ ಒಟ್ಟು ಹುಲ್ಲು ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಥಿರವಾಗಿತ್ತು. ಆದರೆ ಒಂದೊಂದೇ ಜಾತಿಯನ್ನು ನೋಡಿದರೆ ಅದರ ಏರಿಳಿತ ಹೆಚ್ಚಾಗಿತ್ತು.

ಇದು ಹೇಗೆ ಸಾಧ್ಯ? ಒಂದು ಮಡಿಯಲ್ಲಿ ಎರಡು ಹುಲ್ಲು ಇವೆ ಎನ್ನಿ. ಮಳೆ ಚೆನ್ನಾದ ವರ್ಷ ಮೊದಲನೆಯದು 300 ಗ್ರಾಂ, ಎರಡನೆಯದು 100 ಗ್ರಾಂ. ಮಳೆ ಕೈಕೊಟ್ಟ ವರ್ಷ ಮೊದಲನೆಯದು 120ಕ್ಕೆ ಇಳಿದರೆ, ಜಾಗ ಸಿಕ್ಕ ಎರಡನೆಯದು 260ಕ್ಕೆ ಏರುತ್ತದೆ. ಒಂದೊಂದೂ ವಿಪರೀತ ಏರಿಳಿದಿವೆ, ಆದರೆ ಒಟ್ಟು 400 ಇದ್ದದ್ದು 380 ಆಗಿದೆ, ಅಷ್ಟೇ. ಎರಡೂ ಒಟ್ಟಿಗೇ ಇಳಿಯುವ ಜಾತಿಗಳಾಗಿದ್ದರೆ ಈ ಲಾಭ ಸಿಗುತ್ತಿರಲಿಲ್ಲ. ಹಾಗಾಗಿ ಎಷ್ಟು ಜಾತಿ ಎನ್ನುವುದರ ಜೊತೆಗೆ, ಅವು ಬರಕ್ಕೆ ಬೇರೆ ಬೇರೆ ರೀತಿ ಸ್ಪಂದಿಸುತ್ತವೆಯೇ ಎನ್ನುವುದೂ ಮುಖ್ಯ.

ತಡೆಯುವುದು ಬೇರೆ, ಚೇತರಿಸಿಕೊಳ್ಳುವುದು ಬೇರೆ

ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಬರದಲ್ಲಿ ಎಷ್ಟು ಕಡಿಮೆ ಕುಸಿಯಿತು ಎಂಬುದು ತಡೆಯುವ ಶಕ್ತಿ. ಬರ ಕಳೆದ ಮೇಲೆ ಮೊದಲಿನ ಮಟ್ಟಕ್ಕೆ ಎಷ್ಟು ಹತ್ತಿರ ಬಂತು ಎಂಬುದು ಚೇತರಿಕೆ. ಇವೆರಡನ್ನೂ ಅಳೆಯಲು ಬಳಸುವ ಒಂದು ವಿಧಾನ ಹೀಗಿದೆ:

ತಡೆಯುವ ಶಕ್ತಿ = ಮಾಮೂಲಿ ಇಳುವರಿ ÷ ಬರದಲ್ಲಿ ಆದ ಕೊರತೆ

ಚೇತರಿಕೆ = ಬರದಲ್ಲಿ ಆದ ಕೊರತೆ ÷ ಮರುವರ್ಷವೂ ಉಳಿದ ಕೊರತೆ

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಎರಡು ಮಡಿಗಳ ಮಾಮೂಲಿ ಇಳುವರಿ 400 ಗ್ರಾಂ. ಒಂದೇ ಜಾತಿಯ ಮಡಿ ಬರದಲ್ಲಿ 100ಕ್ಕೆ ಕುಸಿದು ಮರುವರ್ಷ 350ಕ್ಕೆ ಬಂತು. ಹಲವು ಜಾತಿಯ ಮಡಿ 200ಕ್ಕೆ ಇಳಿದು, ಅದೂ 350ಕ್ಕೇ ಬಂತು.

ತಡೆಯುವ ಶಕ್ತಿಯಲ್ಲಿ ಹಲವು ಜಾತಿಯ ಮಡಿ ಗೆಲ್ಲುತ್ತದೆ: ಅದಕ್ಕೆ 400 ÷ 200 = 2, ಒಂಟಿ ಜಾತಿಗೆ 400 ÷ 300 = 1.33. ಚೇತರಿಕೆಯಲ್ಲಿ ಮಾತ್ರ ಒಂಟಿ ಜಾತಿ ಗೆದ್ದಂತೆ ಕಾಣುತ್ತದೆ: ಅದಕ್ಕೆ 300 ÷ 50 = 6, ಇನ್ನೊಂದಕ್ಕೆ 200 ÷ 50 = 4. ಅದು ನಿಜಕ್ಕೂ ಗಟ್ಟಿಯೇ? ಅಲ್ಲ. ಹೆಚ್ಚು ಆಳಕ್ಕೆ ಬಿದ್ದದ್ದರಿಂದ ಹೆಚ್ಚು ಏರಿದಂತೆ ಕಂಡಿತು, ಅಷ್ಟೇ. ಎರಡು ವರ್ಷದ ಒಟ್ಟು ನಷ್ಟ ಕೂಡಿಸಿ ನೋಡಿ: ಒಂಟಿ ಜಾತಿಗೆ 350 ಗ್ರಾಂ, ಹಲವು ಜಾತಿಗೆ 250 ಗ್ರಾಂ. ಯಾರಾದರೂ ಬರೀ ಒಂದು ಅಂಕಿ ತೋರಿಸಿ "ಇದೇ ಹೆಚ್ಚು ಚೇತರಿಸಿಕೊಳ್ಳುತ್ತದೆ" ಎಂದರೆ ನಂಬುವ ಮೊದಲು ಎಷ್ಟು ಬಿದ್ದಿತ್ತು ಎಂದು ಕೇಳಿ.

2015ರಲ್ಲಿ ಫಾರೆಸ್ಟ್ ಇಸ್ಬೆಲ್ ಮತ್ತು ಸಂಗಡಿಗರು 46 ಹುಲ್ಲುಗಾವಲು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಅತಿ ಬರ ಅಥವಾ ಅತಿ ಮಳೆಯ ಕಾಲದಲ್ಲಿ ಒಂದೆರಡು ಜಾತಿಯ ಮಡಿಗಳ ಇಳುವರಿ ಸುಮಾರು 50% ಬದಲಾದರೆ, 16ರಿಂದ 32 ಜಾತಿಗಳ ಮಡಿಗಳಲ್ಲಿ ಸುಮಾರು 25% ಮಾತ್ರ. ಆದರೆ ಒಂದು ವರ್ಷದ ನಂತರದ ಚೇತರಿಕೆಗೂ ಜಾತಿಗಳ ಸಂಖ್ಯೆಗೂ ಸಂಬಂಧ ಕಾಣಲಿಲ್ಲ. ಅಂದರೆ ವೈವಿಧ್ಯದಿಂದ ಸಿಕ್ಕ ಲಾಭ ಹೆಚ್ಚಾಗಿ ಬೀಳುವುದನ್ನು ತಡೆಯುವುದರಲ್ಲಿ.

ಹಾಗಾದರೆ ಬಳ್ಳಾರಿ ಜಾಲಿ?

ಅದು ಬರ ತಡೆಯುತ್ತದೆ ಎಂಬುದು ನಿಜ. ಅಮೆರಿಕ ಖಂಡದಿಂದ ಬಂದ ಈ ಗಿಡಕ್ಕೆ ನಾವು ಬಳ್ಳಾರಿಯ ಹೆಸರಿಟ್ಟಿದ್ದೇವೆ. ಅದರ ಬೇರು ನೀರು ಹುಡುಕಿಕೊಂಡು ಬಹಳ ಆಳಕ್ಕೆ ಹೋಗುತ್ತದೆ. ಆದರೆ ಯಾವುದು ಸ್ಥಿರ ಎಂದು ಕೇಳಬೇಕು. ಜಾಲಿಯ ಹಸಿರು ಸ್ಥಿರ. ಅದು ದಟ್ಟವಾಗಿ ಹಬ್ಬಿದ ಕಡೆ ಕುರಿ ಮೇಯುವ ಹುಲ್ಲು ಅದರ ಕೆಳಗೆ ಕಡಿಮೆಯಾಗುತ್ತ ಹೋಗುತ್ತದೆ. ಕುರಿಗಾಹಿಯ ಲೆಕ್ಕದಲ್ಲಿ ಅದು ನಷ್ಟವೇ. ಜೊತೆಗೆ, ಒಂದು ಜಾತಿ ಬರ ತಾಳುತ್ತದೆ ಎಂದ ಮಾತ್ರಕ್ಕೆ ಹೊಸ ಕೀಟವನ್ನೋ ರೋಗವನ್ನೋ ತಾಳುತ್ತದೆ ಎಂದಲ್ಲ.

ಇನ್ನೊಂದು ಎಚ್ಚರಿಕೆ. ಸೀಡರ್ ಕ್ರೀಕ್‌ನದ್ದು ಮರಳು ಮಣ್ಣು, ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅಲ್ಲಿಯ ಅಂಕಿಗಳನ್ನಾಗಲಿ, 46 ಪ್ರಯೋಗಗಳಿಂದ ಬಂದ 50% ಅಥವಾ 25% ಎಂಬ ಅಂಕಿಗಳನ್ನಾಗಲಿ ನಮ್ಮ ಎರೆಮಣ್ಣಿಗೆ, ಕುರಿ-ಮೇಕೆ ಮೇಯುವ ಬಯಲಿಗೆ ನೇರವಾಗಿ ಹೊಂದಿಸಲಾಗದು.

ಒಟ್ಟಿನಲ್ಲಿ: ಮೊದಲ ಫಾರ್ವರ್ಡ್ ಅರ್ಧ ನಿಜ. ಹಲವು ಜಾತಿ ಇದ್ದರೆ ಬರದ ಪೆಟ್ಟು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಎರಡನೆಯದು ದಾರಿ ತಪ್ಪಿಸುವಂಥದ್ದು. ಒಂದು ಗಿಡ ಹಸಿರಾಗಿ ಉಳಿದರೆ ಇಡೀ ಬಯಲು ಉಳಿಯಿತು ಎಂದು ಅರ್ಥವಲ್ಲ.