ಕಿಂಗ್‌ಫಿಷರ್ ಷೇರು ಈಗ ಎಲ್ಲಿದೆ?

2006ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ ಕಂಪನಿ ಐಪಿಒ ತಂದಾಗ, ಏರ್ ಡೆಕ್ಕನ್ ಮೇಲಿನ ಅಭಿಮಾನಕ್ಕೇ ಅರ್ಜಿ ಹಾಕಿದವರಿದ್ದರು. ಆ ಷೇರನ್ನು ಮಾರದೆ ಮರೆತುಬಿಟ್ಟವರು ಇಂದು ಡಿಮ್ಯಾಟ್ ಖಾತೆ ತೆರೆದರೆ ಅಲ್ಲಿ ಆ ಹೆಸರು ಕಾಣುವುದಿಲ್ಲ, ಕಿಂಗ್‌ಫಿಷರ್ ಏರ್‌ಲೈನ್ಸ್ ಎಂದಿರುತ್ತದೆ. 2008ರಲ್ಲಿ ಎರಡೂ ಸಂಸ್ಥೆಗಳು ಒಂದಾಗಿ ಕಂಪನಿಯ ಹೆಸರೇ ಬದಲಾಯಿತು. ಷೇರಿನ ಸಂಖ್ಯೆ ಇದೆ, ಬೆಲೆ ಇಲ್ಲ. ವಿನಿಮಯ ಕೇಂದ್ರದ ಜಾಲತಾಣದಲ್ಲಿ ಹುಡುಕಿದರೆ ಸಿಗುವುದು ಒಂದೇ ಪದ: `Delisted`.

ಕಂಪನಿಯ ಹೆಸರಿನ ಮುಂದೆ ಕಾಣುವ ಇಂಥ ಪದಗಳು ನಾಲ್ಕೈದೇ. ಆದರೆ ಪದವೊಂದನ್ನೇ ನೋಡಿ ತೀರ್ಮಾನಕ್ಕೆ ಬಂದರೆ ಮೋಸಹೋಗುತ್ತೇವೆ. ಯಾವ ಪೇಟೆಯಲ್ಲಿ, ಯಾವ ಕಾರಣಕ್ಕೆ ಎಂದು ಎರಡು ಪ್ರಶ್ನೆ ಕೇಳಿಕೊಂಡ ಮೇಲೆಯೇ ಅದರ ಅರ್ಥ ತಿಳಿಯುವುದು.

ಮೇನ್‌ಬೋರ್ಡ್ ಎಂದರೆ ನಾವು ದಿನವೂ ಸುದ್ದಿಯಲ್ಲಿ ಕೇಳುವ ಮುಖ್ಯ ಪೇಟೆ. ಷೇರು ಹಂಚಿಕೆಯಾದ ಮೇಲೆ ಕಂಪನಿಯ ಪಾವತಿಯಾದ ಬಂಡವಾಳ ಕನಿಷ್ಠ 10 ಕೋಟಿ ರೂಪಾಯಿ ಇರಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಇಲ್ಲಿ ಒಂದೇ ಒಂದು ಷೇರನ್ನೂ ಕೊಳ್ಳಬಹುದು, ಮಾರಬಹುದು. ಅದರ ಆಚೆ ಅದೇನೂ ಯೋಗ್ಯತಾಪತ್ರವಲ್ಲ. ಕಿಂಗ್‌ಫಿಷರ್ ಕೂಡ ಮೇನ್‌ಬೋರ್ಡಿನ ಕಂಪನಿಯೇ ಆಗಿತ್ತು.

ಎಸ್‌ಎಂಇ ವೇದಿಕೆ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ 2012ರಲ್ಲಿ ಶುರುವಾದದ್ದು. ಮುಂಬೈ ಷೇರುಪೇಟೆಯಲ್ಲಿ ಅದು ಬಿಎಸ್‌ಇ ಎಸ್‌ಎಂಇ, ರಾಷ್ಟ್ರೀಯ ಷೇರುಪೇಟೆಯಲ್ಲಿ ಎನ್‌ಎಸ್‌ಇ ಎಮರ್ಜ್. ಬಂಡವಾಳ 25 ಕೋಟಿ ದಾಟದ ಕಂಪನಿಗಳು ಇಲ್ಲಿಗೆ ಬರುತ್ತವೆ. ಲೆಕ್ಕಪತ್ರವನ್ನು ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಎನ್‌ಎಸ್‌ಇಯಲ್ಲಾದರೆ ಚಿಹ್ನೆಯ ಪಕ್ಕ `SM` ಅಥವಾ `ST` ಎಂದೂ ಬಿಎಸ್‌ಇಯಲ್ಲಾದರೆ ಗುಂಪಿನ ಜಾಗದಲ್ಲಿ `M` ಎಂದೂ ಇದ್ದರೆ ಅದು ಈ ವೇದಿಕೆಯ ಷೇರು.

ಹೊಸಬರು ಎಡವುವುದು ಲಾಟ್ ಲೆಕ್ಕದಲ್ಲಿ. ಇಲ್ಲಿ ಷೇರುಗಳನ್ನು ಬಿಡಿಯಾಗಿ ಕೊಳ್ಳುವಂತಿಲ್ಲ. ಲಾಟ್ ಒಂದು ಸಾವಿರ ಷೇರಿನದಾಗಿದ್ದು ಬೆಲೆ 120 ರೂಪಾಯಿ ಇದ್ದರೆ, ಒಂದು ಸಲ ಕೈಹಾಕಲು 1.2 ಲಕ್ಷ ಬೇಕು. ತುರ್ತಿಗೆ ಇನ್ನೂರು ಷೇರು ಮಾರಿ ಮಿಕ್ಕಿದ್ದನ್ನು ಇಟ್ಟುಕೊಳ್ಳೋಣವೆಂದರೆ ಆಗದು, ಮಾರಿದರೆ ಇಡೀ ಲಾಟ್ ಮಾರಬೇಕು. ಪೇಟೆಯಲ್ಲಿ ಯಾವಾಗಲೂ ಒಬ್ಬ ಕೊಳ್ಳುವವನು ಇರಲಿ ಎಂದು ಮಾರ್ಕೆಟ್ ಮೇಕರ್ ಒಬ್ಬರನ್ನು ನೇಮಿಸುವುದು ಕಡ್ಡಾಯ, ಆದರೆ ಆ ಕಟ್ಟುಪಾಡು ಮೂರು ವರ್ಷಕ್ಕೆ ಮಾತ್ರ. ಕಂಪನಿ ಬೆಳೆದರೆ ಷೇರುದಾರರ ಒಪ್ಪಿಗೆ ಪಡೆದು ಮೇನ್‌ಬೋರ್ಡಿಗೆ ದಾಟಬಹುದು. ಆಗ ಲಾಟಿನ ಕಾಟ ತಪ್ಪುತ್ತದೆ.

ಇನ್ನು ಅಮಾನತು. ಈ ಪದ ಕಂಡ ಕೂಡಲೇ ಗಾಬರಿಯಾಗುವುದು ಸಹಜ, ಆದರೆ ಇದರಲ್ಲಿ ಎರಡು ಬಗೆಯಿದೆ. ಒಂದು ಬರೀ ವಿಧಿವಿಧಾನದ್ದು. ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಅದರ ಷೇರು ಪೇಟೆಯಿಂದ ಮರೆಯಾಯಿತು. ಹಣ ಮುಳುಗಲಿಲ್ಲ, ಒಂದು ಸಾವಿರ ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಬಂದವು. 2024ರಲ್ಲಿ ಕೆನರಾ ಷೇರು ಒಂದಕ್ಕೆ ಐದರಂತೆ ಸೀಳಿದಾಗ ಅದೇ 158 ಬೆಳೆದು 790 ಆಯಿತು. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳಲ್ಲಿ ಹಿರಿಯರು ಇಟ್ಟುಹೋದ ಸಿಂಡಿಕೇಟ್ ಷೇರುಪತ್ರ ಇಂದಿಗೂ ಇರಬಹುದು. ಅದನ್ನು ಹಳೆಯ ಕಾಗದವೆಂದು ಎಸೆಯಬಾರದು.

ಇನ್ನೊಂದು ಶಿಕ್ಷೆಯ ಅಮಾನತು. ಕಿಂಗ್‌ಫಿಷರ್‌ಗೆ ಆದದ್ದು ಇದು. 2012ರ ಅಕ್ಟೋಬರಿನಲ್ಲಿ ಅದರ ಹಾರಾಟ ನಿಂತಿತು, ಆದರೆ ಷೇರು ವಹಿವಾಟು ಅಂದೇ ನಿಲ್ಲಲಿಲ್ಲ. ವಿಮಾನಗಳಿಲ್ಲದ ವಿಮಾನ ಕಂಪನಿಯ ಷೇರನ್ನು ಜನ ಮತ್ತೂ ಎರಡು ವರ್ಷ ಕೊಂಡು ಮಾರಿದರು! ಲೆಕ್ಕಪತ್ರ ಸಲ್ಲಿಸದ್ದಕ್ಕೆ ಎರಡೂ ವಿನಿಮಯ ಕೇಂದ್ರಗಳು ವಹಿವಾಟು ಅಮಾನತು ಮಾಡಿದ್ದು 2014ರ ಡಿಸೆಂಬರಿನಲ್ಲಿ. ಅಮಾನತು ನಷ್ಟದ ಮುನ್ಸೂಚನೆಯಲ್ಲ, ಬಹಳ ಸಲ ನಷ್ಟ ಆಗಿಹೋದ ಮೇಲೆ ಬೀಳುವ ಬೀಗ ಎನ್ನುವುದು ಇಲ್ಲಿ ಕಾಣುತ್ತದೆ.

ಬೀಗ ಬೀಳುವ ಮೊದಲು ಸದ್ದು ಕೇಳಿಸುತ್ತದೆ. ಈಗಿನ ಸೆಬಿ ಕ್ರಮದ ಪ್ರಕಾರ ಫಲಿತಾಂಶ ಕೊಡದ ಕಂಪನಿಗೆ ಮೊದಲು ದಿನಕ್ಕೆ 5,000 ರೂಪಾಯಿ ದಂಡ, ಪ್ರವರ್ತಕರ ಷೇರುಗಳಿಗೆ ತಡೆ. ಸತತ ಎರಡು ತ್ರೈಮಾಸಿಕ ತಪ್ಪಿದರೆ ಷೇರು ಬಿಎಸ್‌ಇಯ `Z` ಗುಂಪಿಗೆ ಅಥವಾ ಎನ್‌ಎಸ್‌ಇಯ `BZ` ಸಾಲಿಗೆ ಇಳಿಯುತ್ತದೆ. ನಂತರ ಅಮಾನತು. ಆಗಲೂ ಒಂದು ಕಿಂಡಿ ಬಿಟ್ಟಿರುತ್ತಾರೆ: ಅಮಾನತಾದ ಹದಿನೈದು ದಿನದ ಬಳಿಕ, ಆರು ತಿಂಗಳ ಕಾಲ, ವಾರದ ಮೊದಲ ವಹಿವಾಟಿನ ದಿನ ಮಾತ್ರ ಮಾರಲು ಅವಕಾಶ ಕೊಡಬಹುದು. ಈ ಕಿಂಡಿ ಬಹುಮಂದಿಗೆ ಗೊತ್ತೇ ಇರುವುದಿಲ್ಲ. ಆರು ತಿಂಗಳಲ್ಲೂ ಕಂಪನಿ ಸರಿಹೋಗದಿದ್ದರೆ ಅದನ್ನು ಪಟ್ಟಿಯಿಂದ ಕಡ್ಡಾಯವಾಗಿ ಹೊರಹಾಕುವ ಪ್ರಕ್ರಿಯೆ ಶುರುವಾಗುತ್ತದೆ.

ಎನ್‌ಎಸ್‌ಇ ಕಿಂಗ್‌ಫಿಷರ್ ಷೇರನ್ನು ಹಾಗೆ ಹೊರಹಾಕಿದ್ದು 2018ರ ಮೇ 30ರಂದು. ಕಡ್ಡಾಯವಾಗಿ ಹೊರಹಾಕಿದಾಗ ಸ್ವತಂತ್ರ ಮೌಲ್ಯಮಾಪಕರು ನಿಗದಿ ಮಾಡಿದ ಬೆಲೆಗೆ ಪ್ರವರ್ತಕರು ಸಾರ್ವಜನಿಕರ ಷೇರು ಕೊಳ್ಳಬೇಕು ಎನ್ನುತ್ತದೆ ನಿಯಮ. ಕಾಗದದ ಮೇಲೆ ಒಳ್ಳೆಯ ನಿಯಮವೇ. ಆದರೆ ಕಿಂಗ್‌ಫಿಷರ್ ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡುವಂತೆ ಕರ್ನಾಟಕ ಹೈಕೋರ್ಟ್ 2016ರಲ್ಲೇ ಆದೇಶಿಸಿತ್ತು. ಅಂಥ ಹೊತ್ತಿನಲ್ಲಿ ಬ್ಯಾಂಕುಗಳು, ನೌಕರರು, ತೆರಿಗೆ ಇಲಾಖೆ ಎಲ್ಲರೂ ಪಡೆದು ಮಿಕ್ಕಿದ್ದರೆ ಮಾತ್ರ ಷೇರುದಾರನ ಸರದಿ.

ಕಂಪನಿ ತಾನಾಗಿ ಪಟ್ಟಿಯಿಂದ ಹೊರಹೋಗುವುದು ಬೇರೆ ಕಥೆ. ಪ್ರವರ್ತಕರು ಬೆಲೆ ಕೊಟ್ಟು ಷೇರು ಕೊಳ್ಳುತ್ತಾರೆ. ತಮ್ಮ ಪಾಲು ಶೇ 90ಕ್ಕೆ ಮುಟ್ಟಿದರೆ ಹೊರನಡೆಯುತ್ತಾರೆ. ಆಗ ಮಾರದೆ ಉಳಿದವರಿಂದ ಅದೇ ಬೆಲೆಗೆ ಕೊಳ್ಳಲು ಒಂದು ವರ್ಷ ಬಾಗಿಲು ತೆರೆದಿಡಬೇಕು. ಬಂದ ಪತ್ರ ಓದದೆ ಆ ವರ್ಷ ಕಳೆದುಕೊಂಡವರೇ ಮುಂದೆ ಕೊಳ್ಳುವವರಿಲ್ಲದೆ ಒದ್ದಾಡುವುದು.

ಇನ್ನು ಯಾವ ಪೇಟೆ ಎಂಬ ಪ್ರಶ್ನೆಗೆ ನಮ್ಮ ಇನ್ಫೊಸಿಸ್ಸೇ ಸಾಕ್ಷಿ. 2018ರಲ್ಲಿ ಅದು ಪ್ಯಾರಿಸ್ ಮತ್ತು ಲಂಡನ್ನಿನ ಯೂರೋನೆಕ್ಸ್ಟ್ ಪೇಟೆಗಳ ಪಟ್ಟಿಯಿಂದ ತಾನಾಗಿ ಹೊರಬಂತು. ಅಲ್ಲಿ ಅದು ಡಿಲಿಸ್ಟ್ ಆದ ಕಂಪನಿ. ಮುಂಬೈಯಲ್ಲೂ ನ್ಯೂಯಾರ್ಕಿನಲ್ಲೂ ವಹಿವಾಟು ಎಂದಿನಂತೆ ನಡೆಯಿತು.

ಹಾಗಾಗಿ ಹುಡುಕುವಾಗ ಹೆಸರಿಗಿಂತ `INE` ಎಂದು ಶುರುವಾಗುವ ಹನ್ನೆರಡು ಅಕ್ಷರದ ಐಎಸ್‌ಐಎನ್ ಸಂಖ್ಯೆಯನ್ನು ಬಳಸಿ, ಅದು ಡಿಮ್ಯಾಟ್ ವಿವರದಲ್ಲೇ ಇರುತ್ತದೆ. ಎರಡೂ ವಿನಿಮಯ ಕೇಂದ್ರಗಳಲ್ಲಿ ನೋಡಿ. ಅಮಾನತು ಅಥವಾ ಡಿಲಿಸ್ಟ್ ಎಂದಿದ್ದರೆ ಅದಕ್ಕೆ ಸಂಬಂಧಿಸಿದ ಸುತ್ತೋಲೆಯನ್ನು ತೆಗೆದು ಕಾರಣ ಓದಿ. ಹೊರಹೋದ ಷೇರನ್ನು ಒಳ್ಳೆಯ ಬೆಲೆಗೆ ಮಾರಿಸಿಕೊಡುತ್ತೇವೆ, ಮೊದಲು ಸಂಸ್ಕರಣಾ ಶುಲ್ಕ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ, ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ.