ಗೇಟ್ ಚಾರ್ಜ್

ಮಾಸ್‌ಫೆಟ್ ಟ್ರಾನ್ಸಿಸ್ಟರನ್ನು ಪೂರ್ಣವಾಗಿ ಆನ್ ಸ್ಥಿತಿಗೆ ತರಲು ಅದರ ಗೇಟಿಗೆ ಒದಗಿಸಬೇಕಾದ ಒಟ್ಟು ವಿದ್ಯುದಾವೇಶವನ್ನು ಗೇಟ್ ಚಾರ್ಜ್ ಎಂದು ಕರೆಯುತ್ತಾರೆ. ಇದನ್ನು ಸಾಮಾನ್ಯವಾಗಿ ನ್ಯಾನೊಕೂಲಂಬ್‌ಗಳಲ್ಲಿ ಸೂಚಿಸಲಾಗುತ್ತದೆ. ಟ್ರಾನ್ಸಿಸ್ಟರ್ ಎಷ್ಟು ಬೇಗ ಆನ್ ಅಥವಾ ಆಫ್ ಆಗುತ್ತದೆ ಎಂಬುದು ಈ ಆವೇಶವನ್ನು ಚಾಲಕ ಮಂಡಲವು ಎಷ್ಟು ಕರೆಂಟಿನಿಂದ ತುಂಬಬಲ್ಲದು ಅಥವಾ ಹೊರಸೆಳೆಯಬಲ್ಲದು ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಮಾಸ್‌ಫೆಟ್‌ನ ಗೇಟ್ ಮತ್ತು ಚಾನೆಲ್‌ಗಳ ನಡುವೆ ಆಕ್ಸೈಡಿನ ತೆಳುವಾದ ನಿರೋಧಕ ಪದರವಿರುತ್ತದೆ. ಆದ್ದರಿಂದ ಸ್ಥಿರ ಸ್ಥಿತಿಯಲ್ಲಿ ಗೇಟ್ ಬಹುತೇಕ ಕರೆಂಟನ್ನೇ ಎಳೆಯುವುದಿಲ್ಲ. ‘ಮಾಸ್‌ಫೆಟ್ ವೋಲ್ಟೇಜಿನಿಂದ ನಿಯಂತ್ರಿತವಾಗುವ ಸಾಧನ’ ಎಂಬ ಪಠ್ಯಪುಸ್ತಕದ ಮಾತಿಗೆ ಇದೇ ಆಧಾರ. ಆದರೆ ಸ್ಥಿತಿ ಬದಲಾಗುವ ಕ್ಷಣದಲ್ಲಿ ಗೇಟ್ ಒಂದು ಕೆಪಾಸಿಟರಿನಂತೆ ವರ್ತಿಸುತ್ತದೆ. ಅದರ ವೋಲ್ಟೇಜ್ ಬದಲಾಗಬೇಕಾದರೆ ಆವೇಶ ಹರಿಯಲೇಬೇಕು. ಹರಿಯುವ ಆವೇಶ, ಕರೆಂಟ್ ಮತ್ತು ಕಾಲಗಳ ಸಂಬಂಧ ಹೀಗಿದೆ:

t = Q / I

ಮಿಲ್ಲರ್ ಸಮತಲ

ಆನ್ ಆಗುವಾಗ ಗೇಟ್ ವೋಲ್ಟೇಜ್ ಒಂದೇ ಸಮನೆ ಏರುವುದಿಲ್ಲ. ಮೊದಲು ಅದು ಹೊಸ್ತಿಲು ವೋಲ್ಟೇಜನ್ನು ದಾಟುತ್ತದೆ. ಆಗ ಡ್ರೇನ್ ಕರೆಂಟ್ ಹರಿಯತೊಡಗಿ, ಲೋಡಿಗೆ ಬೇಕಾದ ಮಟ್ಟವನ್ನು ತಲುಪುತ್ತದೆ. ಆನಂತರ ಡ್ರೇನ್ ವೋಲ್ಟೇಜ್ ಇಳಿಯಲಾರಂಭಿಸುತ್ತದೆ. ಗೇಟ್ ಮತ್ತು ಡ್ರೇನ್ ನಡುವೆಯೂ ಒಂದು ಧಾರಕತೆ ಇರುವುದರಿಂದ, ಡ್ರೇನ್ ಇಳಿಯುವಷ್ಟು ಹೊತ್ತು ಚಾಲಕ ನೀಡುವ ಕರೆಂಟೆಲ್ಲ ಆ ಧಾರಕತೆಯ ಆವೇಶವನ್ನು ಬದಲಿಸುವುದಕ್ಕೇ ವ್ಯಯವಾಗುತ್ತದೆ. ಗೇಟ್ ವೋಲ್ಟೇಜ್ ಇದ್ದಲ್ಲೇ ನಿಲ್ಲುತ್ತದೆ. ಈ ಘಟ್ಟವೇ ಮಿಲ್ಲರ್ ಸಮತಲ. ನಿರ್ವಾತ ನಳಿಕೆಗಳಲ್ಲಿ ಇದೇ ಬಗೆಯ ಪರಿಣಾಮವನ್ನು ವಿವರಿಸಿದ ಜಾನ್ ಮಿಲ್ಟನ್ ಮಿಲ್ಲರ್ ಅವರ ಹೆಸರು ಇದಕ್ಕೆ ಬಂದಿದೆ.

ಸಮತಲದ ಅವಧಿಯಲ್ಲಿ ಟ್ರಾನ್ಸಿಸ್ಟರ್ ಪೂರ್ಣ ಕರೆಂಟನ್ನು ಹೊತ್ತಿರುತ್ತದೆ, ಅದರ ಮೇಲಿನ ವೋಲ್ಟೇಜ್ ಮಾತ್ರ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಶಾಖ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಆದಕಾರಣ ದತ್ತಾಂಶ ಪತ್ರದಲ್ಲಿ ಒಟ್ಟು ಗೇಟ್ ಚಾರ್ಜ್‌ಗಿಂತ ಗೇಟ್–ಡ್ರೇನ್ ಚಾರ್ಜ್ ಎಂಬ ಭಾಗವನ್ನು ಹೆಚ್ಚು ಗಮನಿಸಬೇಕಾಗುತ್ತದೆ.

ಒಂದು ಲೆಕ್ಕ

100 ವೋಲ್ಟಿನ ಐಆರ್‌ಎಫ್540ಎನ್ ಮಾಸ್‌ಫೆಟ್‌ನ ಒಟ್ಟು ಗೇಟ್ ಚಾರ್ಜ್ ಗರಿಷ್ಠ 71 ನ್ಯಾನೊಕೂಲಂಬ್. ಅದರಲ್ಲಿ ಗೇಟ್–ಡ್ರೇನ್ ಭಾಗ ಗರಿಷ್ಠ 21 ನ್ಯಾನೊಕೂಲಂಬ್. ಇದು 48 ವೋಲ್ಟಿನಲ್ಲಿ 10 ಆಂಪಿಯರ್‌ನ ಪ್ರೇರಕ ಲೋಡನ್ನು ಸ್ವಿಚ್ ಮಾಡುತ್ತಿದೆ ಎಂದಿಟ್ಟುಕೊಳ್ಳೋಣ. ಸಮತಲ ಸುಮಾರು 5 ವೋಲ್ಟಿನಲ್ಲಿದ್ದು, ಚಾಲಕದ ವೋಲ್ಟೇಜ್ 12 ಆಗಿರಲಿ.

‘ಗೇಟಿಗೆ ಕರೆಂಟ್ ಬೇಡ’ ಎಂಬ ನಂಬಿಕೆಯಿಂದ ಗೇಟಿನ ಸರಣಿಯಲ್ಲಿ 1000 ಓಮ್ ರೋಧಕವಿಟ್ಟರೆ, ಸಮತಲದಲ್ಲಿ ಹರಿಯುವ ಕರೆಂಟ್ (12 − 5) / 1000, ಅಂದರೆ 7 ಮಿಲಿಆಂಪಿಯರ್. 21 ನ್ಯಾನೊಕೂಲಂಬ್ ತುಂಬಲು 3 ಮೈಕ್ರೊಸೆಕೆಂಡ್ ಬೇಕು. ಅದೇ 12 ವೋಲ್ಟನ್ನು 10 ಓಮ್ ಮೂಲಕ ಕೊಟ್ಟರೆ ಕರೆಂಟ್ 0.7 ಆಂಪಿಯರ್ ಆಗಿ, ಕಾಲ 30 ನ್ಯಾನೊಸೆಕೆಂಡಿಗೆ ಇಳಿಯುತ್ತದೆ. ಗೇಟ್ ಕೊನೆಗೆ ತಲುಪುವ ವೋಲ್ಟೇಜ್ ಎರಡರಲ್ಲಿಯೂ ಒಂದೇ. ವೇಗದ ಅಂತರ ನೂರು ಪಟ್ಟು.

ಸಮತಲದ ಅವಧಿಯಲ್ಲಿ ಸರಾಸರಿ ವ್ಯಯ 48 × 10 ರ ಅರ್ಧ, 240 ವ್ಯಾಟ್. ಸೆಕೆಂಡಿಗೆ 50,000 ಬಾರಿ ಆನ್ ಆದರೆ ಮೊದಲನೆಯ ಮಂಡಲದಲ್ಲಿ ಆನ್ ಆಗುವುದರಿಂದಲೇ 36 ವ್ಯಾಟ್ ಶಾಖ, ಎರಡನೆಯದರಲ್ಲಿ 0.36 ವ್ಯಾಟ್. ಇದು ಅಂದಾಜು ಮಾತ್ರ: ಕರೆಂಟ್ ಏರುವ ಘಟ್ಟವನ್ನು ಇಲ್ಲಿ ಸೇರಿಸಿಲ್ಲ, 48 ವೋಲ್ಟಿನಲ್ಲಿ ಗೇಟ್–ಡ್ರೇನ್ ಚಾರ್ಜ್ ಸ್ವಲ್ಪ ಕಡಿಮೆಯೂ ಇರುತ್ತದೆ. ಆದರೂ ಶಾಖಶೋಷಕವಿಲ್ಲದ ಮೊದಲನೆಯ ಟ್ರಾನ್ಸಿಸ್ಟರ್ ಸುಟ್ಟುಹೋಗುವುದು ಖಚಿತ.

ವೋಲ್ಟೇಜಿನ ಪಾತ್ರ

ವೋಲ್ಟೇಜ್ ಅಪ್ರಸ್ತುತವೇನಲ್ಲ. ಆನ್ ಸ್ಥಿತಿಯ ರೋಧ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ಸಮತಲವೇ 5 ವೋಲ್ಟಿನ ಆಸುಪಾಸಿನಲ್ಲಿರುವ ಈ ಮಾಸ್‌ಫೆಟ್ಟನ್ನು 5 ವೋಲ್ಟಿನ ಮೈಕ್ರೊಕಂಟ್ರೋಲರ್ ಪಿನ್ನಿನಿಂದ ನಡೆಸಿದರೆ, ಎಷ್ಟು ಕಾದರೂ ಅದು ಪೂರ್ಣವಾಗಿ ಆನ್ ಆಗದು. 10 ಓಮ್ ಹಾಗೆಯೇ ಇಟ್ಟು ಚಾಲಕದ ವೋಲ್ಟೇಜನ್ನು 15ಕ್ಕೆ ಏರಿಸಿದರೆ ಆನ್ ಆಗುವ ವೇಗ ಹೆಚ್ಚುತ್ತದೆ, ಏಕೆಂದರೆ ಸಮತಲದ ಕರೆಂಟ್ 1 ಆಂಪಿಯರ್ ಆಗುತ್ತದೆ. ಆಫ್ ಮಾಡುವಾಗ ಮಾತ್ರ ಈ ಲಾಭವಿಲ್ಲ. ಆಗ ಆವೇಶವನ್ನು ಹೊರದೂಡುವುದು ಸಮತಲದ 5 ವೋಲ್ಟ್ ಮಾತ್ರ, ಕರೆಂಟ್ 0.5 ಆಂಪಿಯರ್, ಕಾಲ 42 ನ್ಯಾನೊಸೆಕೆಂಡ್. ಮೇಲಾಗಿ, 15 ವೋಲ್ಟಿಗೆ ತುಂಬಿದ ಹೆಚ್ಚುವರಿ ಆವೇಶವನ್ನು ಮೊದಲು ತೆಗೆಯಬೇಕಾದ್ದರಿಂದ ಆಫ್ ಆಗುವುದು ಇನ್ನೂ ತಡವಾಗಿ ಆರಂಭವಾಗುತ್ತದೆ.

ಚಾಲಕದ ಆಯ್ಕೆ ಮತ್ತು ಮಿತಿಗಳು

ಚಾಲಕ ಐಸಿಯ ಮೇಲೆ ಬರೆದಿರುವ ಆಂಪಿಯರ್‌ಗಳು ಕ್ಷಣಿಕ ಗರಿಷ್ಠ ಕರೆಂಟನ್ನು ಸೂಚಿಸುತ್ತವೆ. ಮೇಲಿನ ಉದಾಹರಣೆಯಲ್ಲಿ ಸರಾಸರಿ ಕರೆಂಟ್ ಸುಮಾರು 4 ಮಿಲಿಆಂಪಿಯರ್ ಮಾತ್ರ. ಕ್ಷಣಿಕ ಕರೆಂಟನ್ನು ಒದಗಿಸುವುದು ಚಾಲಕದ ಪಕ್ಕದಲ್ಲೇ ಇಡುವ ಕೆಪಾಸಿಟರ್. ಅದನ್ನು ದೂರವಿಟ್ಟರೆ ತಂತಿಯ ಪ್ರೇರಕತೆ ಕರೆಂಟಿನ ಏರಿಕೆಯನ್ನು ತಡೆಯುತ್ತದೆ.

ರೋಧಕವನ್ನು ಮಿತಿಮೀರಿ ಕಡಿಮೆ ಮಾಡಿದರೆ ಗೇಟಿನಲ್ಲಿ ಆಂದೋಲನ ಮತ್ತು ರೇಡಿಯೊ ಅಡಚಣೆ ಉಂಟಾಗಬಹುದು. ಆಸಿಲೋಸ್ಕೋಪಿನಲ್ಲಿ ಗೇಟ್ ಮತ್ತು ಸೋರ್ಸ್ ನಡುವಿನ ವೋಲ್ಟೇಜನ್ನು ನೋಡಿದರೆ ಎರಡೂ ದೋಷಗಳು ಕಾಣುತ್ತವೆ: ಏರುವ ರೇಖೆಯ ನಡುವೆ ಉದ್ದನೆಯ ಮೆಟ್ಟಿಲಿದ್ದರೆ ಚಾಲಕ ಕರೆಂಟ್ ಸಾಲದು, ರೇಖೆಯು ಗುರಿಯನ್ನು ಮೀರಿ ಚಿಮ್ಮಿ ಕಂಪಿಸುತ್ತಿದ್ದರೆ ರೋಧವನ್ನು ಹೆಚ್ಚಿಸಬೇಕು ಅಥವಾ ಗೇಟಿನ ತಂತಿಯನ್ನು ಕಿರಿದುಗೊಳಿಸಬೇಕು.